ಮೇಷಕ್ಕೆ ಆಡು ಕಟ್ಟಿದ ರಾತ್ರಿ

ಡಿಸೆಂಬರ್ ಅಂದರೆ ನಮ್ಮ ಪ್ರೆಸ್ಸಿಗೆ ಕ್ಯಾಲೆಂಡರ್ ಕಾಲ. ಶಿವಮೊಗ್ಗದ ಒಂದು ಅಡಿಕೆ ಮಂಡಿಯವರಿಗೆ ಕೊನೇ ಹಾಳೆಯಲ್ಲಿ ರಾಶಿಫಲ ಬೇಕಿತ್ತು. ಹನ್ನೆರಡು ರಾಶಿ, ಹನ್ನೆರಡು ಚಿತ್ರ. ಓನರ್ ಒಂದು ಫೋಲ್ಡರ್ ಕೊಟ್ಟರು. ಫೈಲ್ ಹೆಸರೆಲ್ಲ ಇಂಗ್ಲಿಷು. "ಚಿತ್ರ ನೋಡಿದ್ರೆ ಗೊತ್ತಾಗಲ್ವೇನೋ" ಅಂದುಬಿಟ್ಟರು.

ಜಾಸ್ತಿ ಪಾಲು ಗೊತ್ತಾಯಿತು. ಲಿಯೋ ಸಿಂಹ. ಟಾರಸ್ ಗೂಳಿ, ಅದು ವೃಷಭ. ಚೇಳಿನ ಸ್ಕಾರ್ಪಿಯೋ ವೃಶ್ಚಿಕ, ಏಡಿಯ ಕ್ಯಾನ್ಸರ್ ಕರ್ಕಾಟಕ, ತಕ್ಕಡಿಯ ಲಿಬ್ರಾ ತುಲಾ. ಹುಡುಗಿ ಇದ್ದ ವರ್ಗೋ ಕನ್ಯಾ, ಜೋಡಿ ಮೀನಿನ ಪೈಸಿಸ್ ಮೀನ.

ಆಮೇಲೆ `Capricorn.png`. ಉದ್ದ ಕೊಂಬಿನ ಆಡು. ಮೇಷ, ಮೇಕೆ, ಎರಡೂ ಒಂದೇ ಅಲ್ವಾ ಅಂತ ಮೇಷದ ಚೌಕದೊಳಗೆ ಕೂರುವಂತೆ ಪವರ್‌ಕ್ಲಿಪ್ ಮಾಡಿದೆ. ಮಕರ ಅಂದರೆ ಮೊಸಳೆ ಅಂತ ಗೊತ್ತಿತ್ತು. ಫೋಲ್ಡರಿನಲ್ಲಿ ಮೊಸಳೆ ಇರಲಿಲ್ಲ, ನೆಟ್ಟಿನಿಂದ ಇಳಿಸಿದೆ. ಕೊನೆಗೆ `Aries.png` ಮಿಕ್ಕಿತು. ಅದೊಂದು ಟಗರು. ಹನ್ನೆರಡರಲ್ಲಿ ಒಂದು ಯಾಕೆ ಮಿಕ್ಕಿತು ಅಂತ ಯೋಚಿಸಬೇಕಿತ್ತು. ಸುಮ್ನೆ ಡಿಲೀಟ್ ಮಾಡಿದೆ.

ರಾತ್ರಿ ಒಂಬತ್ತೂವರೆ. ಪ್ಲೇಟ್ ಕಟ್ಟಿ ಆಗಿತ್ತು, ನಾಲ್ಕು ಬಣ್ಣದ ರಿಜಿಸ್ಟರ್ ಕೂರಿಸಲು ಹಾಳೆ ಓಡುತ್ತಿತ್ತು. ಪಂಚಾಂಗದ ಪ್ರೂಫ್ ನೋಡುವ ಭಟ್ಟರು ಒಂದು ವೇಸ್ಟ್ ಶೀಟ್ ಎತ್ತಿಕೊಂಡರು.

"ಎಂತ ಮಾರಾಯ, ಮೇಷಕ್ಕೆ ಆಡು ಕಟ್ಟಿದೀಯಲ್ಲ!"

ಮೆಷಿನ್ ನಿಂತಿತು. ನಾನು ವಾದಕ್ಕಿಳಿದೆ. ಅದು ಬೇರೆ ತಪ್ಪು.

"ಮೇಷ ಅಂದ್ರೆ ಟಗರು. ಏರೀಸ್ ಅಂದ್ರೂ ಟಗರೇ. ಈ ಆಡಿನ ಬಾಲ ಎಲ್ಲಿ?"

ಫೈಲ್ ತೆಗೆದು ಚೌಕದಿಂದ ಚಿತ್ರ ಹೊರಗೆಳೆದೆ. ಆಡಿಗೆ ಹಿಂಗಾಲೇ ಇಲ್ಲ! ಸೊಂಟದಿಂದ ಕೆಳಗೆ ಮೀನಿನ ಬಾಲ. ನಾನೇ ಅದನ್ನು ಚೌಕದಾಚೆ ತಳ್ಳಿ ಮುಚ್ಚಿದ್ದೆ. ಕ್ಯಾಪ್ರಿಕಾರ್ನ್ ಅಂದರೆ ಆಡಿನ ಕೊಂಬಿನದು ಅಂತ ಅರ್ಥ, ಪ್ರಾಣಿ ಮಾತ್ರ ಅರ್ಧ ಆಡು, ಅರ್ಧ ಮೀನು. ನಮ್ಮ ಮಕರವೂ ಬರೀ ಮೊಸಳೆಯಲ್ಲ. ಬೃಹಜ್ಜಾತಕದಲ್ಲಿ ವರಾಹಮಿಹಿರ ಅದಕ್ಕೆ ಜಿಂಕೆ ಮುಖ ಇಟ್ಟಿದ್ದಾನೆ ಅಂದರು ಭಟ್ಟರು. "ಶೃಂಗೇರಿ ವಿದ್ಯಾಶಂಕರ ದೇವಸ್ಥಾನದಲ್ಲಿ ರಾಶಿಗೊಂದು ಕಂಬ ಇದೆ. ಒಂದ್ಸಲ ಹೋಗಿ ನೋಡೋದಲ್ವಾ?"

ಉಳಿದವನ್ನೂ ನೋಡಿದರು. ನಮ್ಮ ಧನುಸ್ಸು ಬಿಲ್ಲು, ಕುಂಭ ಕೊಡ, ಹೆಸರು ವಸ್ತುವಿನದು. ಇಂಗ್ಲಿಷಿನವರದು ಆಳಿನ ಹೆಸರು. ಸ್ಯಾಜಿಟೇರಿಯಸ್ ಬಿಲ್ಲುಗಾರ, ಅಕ್ವೇರಿಯಸ್ ನೀರು ಹೊರುವವ. ಚಿತ್ರದಲ್ಲಿ ಆಳೂ ಇತ್ತು, ವಸ್ತುವೂ ಇತ್ತು. ಪಾಸಾಯಿತು.

ಮಿಥುನಕ್ಕೆ ಬಂದಾಗ ಭಟ್ಟರ ಮುಖ ಹುಳ್ಳಗಾಯಿತು. ಜೆಮಿನಿ ಅಂದರೆ ಅವಳಿ, ಹಾಗಾಗಿ ಇಬ್ಬರು ಗಂಡುಹುಡುಗರು. ನಮ್ಮ ಮಿಥುನ ಗಂಡುಹೆಣ್ಣಿನ ಜೋಡಿ. ವರಾಹಮಿಹಿರನಲ್ಲಿ ಒಬ್ಬರ ಕೈಲಿ ಗದೆ, ಇನ್ನೊಬ್ಬರ ಕೈಲಿ ವೀಣೆ.

ಅಷ್ಟರಲ್ಲಿ ಓನರ್ ಬಂದರು. ನಾಲ್ಕು ಪ್ಲೇಟು ದಂಡ. "ಚಿತ್ರ ನೋಡಿದ್ರೆ ಗೊತ್ತಾಗಲ್ವೇನೋ" ಅಂತ ನನಗೇ ಕೂಗಿದರು. ರೀಸೈಕಲ್ ಬಿನ್ನಿನಿಂದ ಟಗರನ್ನು ಎಬ್ಬಿಸಿದೆ, ಆಡನ್ನು ಬಾಲದ ಸಮೇತ ಮಕರಕ್ಕೆ ಸಾಗಿಸಿದೆ. ವೀಣೆ ಹಿಡಿದ ಹೆಂಗಸನ್ನು ಹುಡುಕಲು ಯಾರಿಗೂ ಪುರುಸೊತ್ತಿರಲಿಲ್ಲ. ಆ ಹುಡುಗರು ಮಂಡಿಯ ಗೋಡೆಯಲ್ಲಿ ಇಡೀ ವರ್ಷ ನೇತಾಡಿದರು.