ಚರಂಡಿ ಕಾಮಗಾರಿಯ ಟೆಂಡರ್ ಕರಡು: ಎರಡನೇ ಸುತ್ತಿನ ತಿದ್ದುವಿಕೆ

ಕೊಪ್ಪಳ ತಾಲ್ಲೂಕಿನ ಚರಂಡಿ ಕಾಮಗಾರಿಯೆಂದು ಬರೆದ ನಾಲ್ಕು ಪುಟದ ಕರಡು ಇದು, ತಿದ್ದುವ ಅಭ್ಯಾಸಕ್ಕೆ ಇಟ್ಟುಕೊಂಡದ್ದು. ಮೊದಲ ಸುತ್ತಿನಲ್ಲಿ ಕಾಗುಣಿತ ಮುಗಿದಿದೆ. ಈ ಸುತ್ತಿನಲ್ಲಿ ದಿನಾಂಕ, ಮೊತ್ತ, ಷರತ್ತುಗಳನ್ನು ಮಾತ್ರ ಬೇರೆ ಹಾಳೆಗೆ ಎತ್ತಿ ಬರೆದು, ಒಂದರ ಪಕ್ಕ ಒಂದಿಟ್ಟು ನೋಡಿದೆವು. ಓದುತ್ತಾ ಹೋದರೆ ಕಣ್ಣು ತಪ್ಪಿಸುವುದೆಲ್ಲ ಹೀಗೆ ಸಿಗುತ್ತದೆ.

ಮೊದಲು ಮೊತ್ತ. ಕರಡಿನಲ್ಲಿ ₹48,60,000 ಎಂದು ಅಂಕಿಯಲ್ಲಿದೆ, ಅಕ್ಷರದಲ್ಲಿ "ನಲವತ್ತೆಂಟು ಲಕ್ಷದ ಆರು ಸಾವಿರ". ಅರವತ್ತು ಆರಾಗಿದೆ, ಅಂತರ ₹54,000. ಚೆಕ್ಕಿನಲ್ಲಾದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮಿನಂತೆ ಅಕ್ಷರವೇ ಗೆಲ್ಲುತ್ತದೆ. ಆ ನಿಯಮವನ್ನು ಇಲ್ಲಿಗೆ ತಂದು ಅಂಕಿಯನ್ನು ತಿದ್ದಬಾರದು, ಏಕೆಂದರೆ ತಪ್ಪಿದ್ದು ಯಾವುದೆಂದು ಅದು ಹೇಳುವುದಿಲ್ಲ. ಕರಡಿನಲ್ಲಿ ಇಎಂಡಿ, ಅಂದರೆ ಬಿಡ್ ಜೊತೆ ಕಟ್ಟುವ ಠೇವಣಿ, ಶೇ. 2.5 ಎಂದೂ ₹1,21,500 ಎಂದೂ ಇದೆ. 48,60,000ಕ್ಕೆ ಲೆಕ್ಕ ಹಾಕಿದರೆ ಅಷ್ಟೇ ಬರುತ್ತದೆ. 48,06,000ಕ್ಕೆ ₹1,20,150 ಆಗುತ್ತದೆ. ಅಂದರೆ ಅಕ್ಷರವೇ ತಪ್ಪಿರಬೇಕು. ಆದರೂ ಇದು ಸುಳಿವು ಮಾತ್ರ: ಮೊದಲೇ ತಪ್ಪಿದ ಅಂಕಿಯಿಂದ ಇಎಂಡಿ ತೆಗೆದಿದ್ದರೆ ಎರಡೂ ಜೊತೆಯಾಗಿ ತಪ್ಪಿರುತ್ತವೆ. ಕೊನೆಗೆ ಮಂಜೂರಾದ ಅಂದಾಜು ಪಟ್ಟಿಯೇ ಸಾಕ್ಷಿ.

ಗಡುವು ಇನ್ನೂ ಗೋಜಲು. "ಪ್ರಕಟಣೆಯಾದ ದಿನದಿಂದ 15 ದಿನಗಳ ಒಳಗಾಗಿ" ಎಂದಿದೆ. ಪೋರ್ಟಲ್‌ನಲ್ಲಿ 28-07-2025ಕ್ಕೆ ಹಾಕಿದರೆ, ಆ ದಿನವನ್ನೂ ಎಣಿಸಿದಾಗ ಕೊನೆಯ ದಿನ ಆಗಸ್ಟ್ 11, ಬಿಟ್ಟು ಎಣಿಸಿದಾಗ 12. ಪತ್ರಿಕೆಯಲ್ಲಿ 31ಕ್ಕೆ ಬಂದರೆ, ಬಿಟ್ಟೆಣಿಸಿದಾಗ ಆಗಸ್ಟ್ 15, ರಜೆಯ ದಿನ. ಒಂದೇ ವಾಕ್ಯಕ್ಕೆ ಮೂರು ದಿನಾಂಕ. ಮೊದಲ ದಿನ ಬಿಟ್ಟೆಣಿಸುವ ಮಾತು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 9ನೇ ಕಲಮಿನಲ್ಲಿದೆ, ಆದರೆ ಅದು ಕಾಯ್ದೆಗಳನ್ನು ಓದುವ ರೀತಿ. ಗುತ್ತಿಗೆದಾರರು ಅದನ್ನು ಹುಡುಕಿಕೊಂಡು ಹೋಗುವಂತೆ ಬರೆಯಬಾರದು. ಎಣಿಕೆಯನ್ನೇ ತೆಗೆದು ಹೀಗೆ ಬರೆದೆವು: "ಬಿಡ್ ಸಲ್ಲಿಸಲು ಕೊನೆಯ ವೇಳೆ 12-08-2025, ಮಂಗಳವಾರ, ಸಂಜೆ 5.30." ವಾರವನ್ನು ಕ್ಯಾಲೆಂಡರಿನಲ್ಲಿ ನೋಡಿಯೇ ಬರೆದದ್ದು; ಕರಡಿನ ಕೊನೆಯ ಪುಟದಲ್ಲಿ ಇದೇ ದಿನಾಂಕದ ಪಕ್ಕ ಬುಧವಾರ ಎಂದಿತ್ತು.

ಅದೇ ಪುಟದಲ್ಲಿ ಬಿಡ್ ತೆರೆಯುವ ವೇಳೆ 12ರ ಸಂಜೆ 4 ಗಂಟೆ. ಸಲ್ಲಿಕೆ ಮುಗಿಯುವ ಮುನ್ನವೇ ತೆರೆಯುವುದು ಆಗದ ಮಾತು. ಒಂದನ್ನು ಬದಲಿಸಿದಾಗ ಇನ್ನೊಂದನ್ನು ಮರೆತರೆ ಹೀಗಾಗುತ್ತದೆ. ಎರಡೂ ವೇಳೆಗಳನ್ನು ಅಕ್ಕಪಕ್ಕದ ಸಾಲಿಗೆ ತಂದಿದ್ದೇವೆ. ತೆರೆಯುವ ವೇಳೆಯನ್ನು ಅಧಿಕಾರಿಯೇ ನಿಗದಿ ಮಾಡಬೇಕು, ಅದಕ್ಕಾಗಿ ಜಾಗ ಖಾಲಿ ಬಿಟ್ಟಿದೆ.

ಇನ್ನೂ ಬಗೆಹರಿಯದ್ದು ಅನುಭವದ ಷರತ್ತು. 6ನೇ ಷರತ್ತಿನಲ್ಲಿ "ಕಳೆದ 5 ವರ್ಷ", ಅನುಬಂಧದ ನಮೂನೆಯಲ್ಲಿ 3 ವರ್ಷದ ಖಾನೆಗಳು. ಖಾನೆ ಕಡಿಮೆಯಿದ್ದರೆ ನಾಲ್ಕನೇ ವರ್ಷದ ಕೆಲಸ ತೋರಿಸಲು ಜಾಗವೇ ಇಲ್ಲ. ಭಾಷೆ ತಿದ್ದುವವರು ಇದನ್ನು ತಾವೇ ತೀರ್ಮಾನಿಸುವಂತಿಲ್ಲ. ಎರಡೂ ಪುಟದ ಸಂಖ್ಯೆ ನಮೂದಿಸಿ ಅಂಚಿನಲ್ಲಿ ಪ್ರಶ್ನೆ ಬರೆದಿದೆ; ಉತ್ತರ ಬಂದ ಮೇಲೆಯೇ ಮೂರನೇ ಸುತ್ತು.