ಅಧ್ಯಯನದ ಮಿತಿಯನ್ನು ಬರೆಯುವ ಬಗೆ

"ಮೇಡಂ, ಮಿತಿಗಳನ್ನೆಲ್ಲ ಬರೆದುಬಿಟ್ಟರೆ ಪರೀಕ್ಷಕರು ಪ್ರಬಂಧವನ್ನೇ ನಂಬದೆ ಹೋಗುವುದಿಲ್ಲವೇ?"

ಇಲ್ಲ. ಪರೀಕ್ಷಕರು ನಂಬದಿರುವುದು "ಸಮಯ ಹಾಗೂ ಹಣದ ಅಭಾವದಿಂದ ಈ ಅಧ್ಯಯನವು ಸೀಮಿತವಾಗಿದೆ" ಎಂಬ ಸಾಲನ್ನು. ಅದು ಯಾವ ಪ್ರಬಂಧಕ್ಕೂ ಹೊಂದುತ್ತದೆ. ಹಾಗಾಗಿ ನಿಮ್ಮ ಪ್ರಬಂಧದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೋಲಾರದ ವಿದ್ಯಾರ್ಥಿನಿಯೊಬ್ಬಳು ಇದೇ ಸಾಲನ್ನು ಬರೆದು ತಂದಿದ್ದಳು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಕೆರೆಗಳು ತುಂಬಿದ ಮೇಲೆ ಕೊಳವೆಬಾವಿಗಳ ನೀರು ಎಷ್ಟು ಮೇಲೆ ಬಂದಿದೆ ಎಂಬುದು ಅವಳ ವಿಷಯ. ಒಂದೇ ತಾಲ್ಲೂಕನ್ನು ಆರಿಸಿದ್ದು, ನೀರಿನ ಗುಣಮಟ್ಟವನ್ನು ಬಿಟ್ಟದ್ದು ಅವಳೇ ಹಾಕಿಕೊಂಡ ಎಲ್ಲೆ, ಅಂದರೆ ಡಿಲಿಮಿಟೇಷನ್. ಅದಕ್ಕೆ ಕ್ಷಮೆ ಬೇಡ, ಕಾರಣ ಬೇಕು. ಜೊತೆಗೆ ಶೀರ್ಷಿಕೆಯಲ್ಲಿ "ಕೋಲಾರ ಜಿಲ್ಲೆಯ ಅಂತರ್ಜಲ" ಎಂದಿದ್ದುದು ತಾಲ್ಲೂಕಿನ ಹೆಸರಿಗೆ ಇಳಿಯಬೇಕು. ಮೊದಲ ಅಧ್ಯಾಯದಲ್ಲಿ ತಾಲ್ಲೂಕು ಎಂದು ಬರೆದು ಕೊನೆಯ ಅಧ್ಯಾಯದಲ್ಲಿ ಜಿಲ್ಲೆಗೆಲ್ಲ ತೀರ್ಪು ಕೊಡುವುದೇ ನಂಬಿಕೆ ಕೆಡಿಸುವ ಕೆಲಸ.

ನಿಜವಾದ ಮಿತಿಗಳು ಬೇರೆ ಇದ್ದವು. 2017ರ ಮಟ್ಟವನ್ನು 2022ರದರೊಂದಿಗೆ ಹೋಲಿಸಿದ್ದಳು. ನಡುವೆ 2021ರ ನವೆಂಬರಿನಲ್ಲಿ ಜಿಲ್ಲೆಯಲ್ಲಿ ವಿಪರೀತ ಮಳೆ ಸುರಿದಿತ್ತು. ಏರಿಕೆಯನ್ನೆಲ್ಲ ಕೆರೆಯ ನೀರಿನ ಲೆಕ್ಕಕ್ಕೆ ಬರೆದರೆ ಅದರ ಪಾತ್ರ ಹಿಗ್ಗುತ್ತದೆ. ಯೋಜನೆಯ ನೀರು ಹರಿಯದ ಕೆರೆಗಳ ಪಕ್ಕದ ಹಳ್ಳಿಗಳಲ್ಲೂ ಅವಳು ಮಾಹಿತಿ ತೆಗೆದಿದ್ದುದರಿಂದ, ಎರಡು ಕಡೆಯ ಏರಿಕೆಗಳ ವ್ಯತ್ಯಾಸವನ್ನಷ್ಟೇ ಮುಂದಿಡಲು ದಾರಿಯಿತ್ತು.

ಎರಡನೆಯದು ಹೆಚ್ಚು ತೊಡಕಿನದು. 2017ರ ಮಟ್ಟ ರೈತರ ನೆನಪಿನಿಂದ ಬಂದದ್ದು. ಎರಡೂ ಕಡೆಯವರು ಒಂದೇ ಬಗೆಯಲ್ಲಿ ಮರೆತಿದ್ದರೆ ಹೋಲಿಕೆಯಲ್ಲಿ ಆ ತಪ್ಪು ಬಹುಪಾಲು ಕಳೆದುಹೋಗುತ್ತದೆ. ಆದರೆ ಕೆರೆ ತುಂಬಿದ ಊರಿನವರಿಗೆ ಹಿಂದಿನ ಬರ ಇದ್ದುದಕ್ಕಿಂತ ಕೆಟ್ಟದಾಗಿ ನೆನಪಾಗುವ ಸಾಧ್ಯತೆಯಿದೆ, ಆಗ ವ್ಯತ್ಯಾಸವೇ ಉಬ್ಬುತ್ತದೆ. ಕೆಲವರ ಮನೆಯಲ್ಲಿ ಮೋಟರು ಇಳಿಸಿದವರ ಹಳೆಯ ಬಿಲ್ಲುಗಳಿದ್ದವು. ಎಷ್ಟು ಪೈಪು ಇಳಿಸಿದ್ದರು ಎಂಬುದು ಅದರಲ್ಲಿ ಇರುತ್ತದೆ. ಅದು ನೀರಿನ ಮಟ್ಟವಲ್ಲ, ಆದರೂ ನೆನಪನ್ನು ಒರೆಗೆ ಹಚ್ಚಲು ಸಾಕು.

ಆದ್ದರಿಂದ "ಎಷ್ಟು ಮಿತಿ ಬರೆಯಲಿ?" ಎನ್ನುವುದನ್ನು ಬಿಟ್ಟು, "ಈ ಮಿತಿಯಿಂದ ನನ್ನ ಯಾವ ತೀರ್ಮಾನ, ಯಾವ ಕಡೆಗೆ ವಾಲುತ್ತದೆ?" ಎಂದು ಕೇಳಿ. ಅವಳು ಹಾಗೆ ಕೇಳಿಕೊಂಡು, ಮಳೆ ಮತ್ತು ನೆನಪು ಎರಡನ್ನೂ ಹೆಸರಿಟ್ಟು ಬರೆದಳು. ಉಪಸಂಹಾರದಲ್ಲಿ ಇಷ್ಟು ಅಡಿ ಏರಿದೆ ಎಂದಿದ್ದ ಸಾಲನ್ನು ತೆಗೆದು, ಯೋಜನೆಯ ನೀರು ಬಂದ ಹಳ್ಳಿಗಳಲ್ಲಿ ಏರಿಕೆ ಹೆಚ್ಚಿದ್ದಂತೆ ಕಾಣುತ್ತದೆ, ಅದರ ಪ್ರಮಾಣವನ್ನು ಈ ಮಾಹಿತಿಯಿಂದ ಹೇಳಲಾಗದು ಎಂದು ತಿದ್ದಿದಳು. ವೈವಾದಲ್ಲಿ ಮಳೆಯ ಪ್ರಶ್ನೆ ಬಂದಾಗ ಆ ಪುಟವನ್ನೇ ತೆರೆದು ಓದಿದಳು.