ಕರ್ಣಗಳು ಹೇಳಿದ ಮಾತು

14 ಜೂನ್ 2025, ಶನಿವಾರ

ಉಳಿಯನ್ನು ಕೆಳಗಿಟ್ಟು ಆರು ವರ್ಷಗಳಾದವು. ಈಗ ಹದಿನೈದು ದಿನಗಳಿಂದ ಮೊಮ್ಮಗಳು ನನಗೆ ಕಂಪ್ಯೂಟರಿನಲ್ಲಿ ಅಳತೆ ಕೊಟ್ಟು ವಸ್ತುಗಳ ಚಿತ್ರ ಬರೆಯುವ ಫ್ರೀಕ್ಯಾಡ್ ಎಂಬ ತಂತ್ರಾಂಶ ಕಲಿಸುತ್ತಿದ್ದಾಳೆ. ಕಲಿಯುವುದಕ್ಕೆ ಏನಾದರೂ ವಸ್ತು ಬೇಕಲ್ಲವೇ ಎಂದು, 1988ರಲ್ಲಿ ನಾನೇ ಮಾಡಿ ಇಂದಿಗೂ ಕೂರುತ್ತಿರುವ ಕುರ್ಚಿಯನ್ನೇ ಆರಿಸಿಕೊಂಡೆವು.

ಇಂದು ಬರೆದದ್ದು ಕೂರುವ ಹಲಗೆಯ ಕೆಳಗಿನ ಚೌಕಟ್ಟನ್ನು ಮಾತ್ರ. ಅದು ಆಯತವಲ್ಲ. ಮುಂಭಾಗದ ಅಗಲ 460 ಮಿಲಿಮೀಟರ್, ಹಿಂಭಾಗದ್ದು 380, ಮುಂದಿನಿಂದ ಹಿಂದಕ್ಕೆ 420. ಆದ್ದರಿಂದ ಎರಡೂ ಪಕ್ಕದ ಪಟ್ಟಿಗಳು ಹಿಂದೆ ಹೋದಂತೆ ಒಳಕ್ಕೆ ವಾಲುತ್ತವೆ, ಅವುಗಳ ತುದಿಗಳನ್ನೂ ಅಷ್ಟೇ ಓರೆಯಾಗಿ ಕತ್ತರಿಸಬೇಕಾಗುತ್ತದೆ. ನಾನು ಎಲ್ಲ ಅಳತೆಗಳನ್ನೂ, ಜೊತೆಗೆ ಓರೆಯ ಕೋನವನ್ನೂ ಒಂದೊಂದಾಗಿ ಹೇಳುತ್ತಾ ಹೋದೆ. ಕೋನವನ್ನು ತುಂಬಿದ ಕೂಡಲೇ ಪರದೆ ತಕರಾರು ತೆಗೆಯಿತು. "ಅಜ್ಜ, ಎರಡು ಅಗಲ, ಒಂದು ಆಳ, ಎಡಬಲ ಸಮ ಅಂತ ಆಗಲೇ ಹೇಳಿದ್ದೀವಿ. ಕೋನ ಅದರಲ್ಲೇ ಬಂತು, ಮತ್ತೆ ಹೇಳಬಾರದು" ಎಂದಳು. ಅದನ್ನು ಅಳಿಸಿದ ಮೇಲೆ ಗೆರೆಗಳೆಲ್ಲ ಹಸಿರಾದವು. ಇನ್ನು ಯಾವ ಗೆರೆಯೂ ಅಲುಗಾಡದು ಎಂಬುದಕ್ಕೆ ಅದೇ ಗುರುತು. ಕೋನವೆಷ್ಟೆಂದು ಕೇಳಿದ್ದಕ್ಕೆ 5.44 ಡಿಗ್ರಿ ಎಂದು ತೋರಿಸಿತು. ಜೀವನವಿಡೀ ನಾನು ಆ ಓರೆಯನ್ನು, ಕೋನ ಹಿಡಿಯುವ ಮಡಚುವ ಮಟ್ಟವೆಂಬ ಸಾಧನದಿಂದ ಮರಕ್ಕೆ ಇಳಿಸಿದ್ದೇನೆಯೇ ಹೊರತು, ಅದಕ್ಕೊಂದು ಸಂಖ್ಯೆ ಇದೆಯೆಂದು ಯೋಚಿಸಿರಲಿಲ್ಲ.

ಹಳೆಯ ಅಭ್ಯಾಸ ಬಿಡಲಿಲ್ಲ. ಚೌಕಟ್ಟು ಸರಿಯಿದೆಯೇ ಎಂದು ತಿಳಿಯಲು ಬಡಗಿಯಾದವನು ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತಾನೆ. ಎರಡು ಕರ್ಣಗಳೂ ಸಮವಾಗಿದ್ದರೆ ಎಡಬಲ ಸಮ. ಪರದೆಯ ಚಿತ್ರದಲ್ಲಿ ಎರಡೂ 594ರ ಹತ್ತಿರ ಬಂದವು. ಕುರ್ಚಿಯನ್ನು ಮಗುಚಿ ಅಳೆದರೆ ಒಂದು 597, ಇನ್ನೊಂದು 591. ಟೇಪಿನ ಕೊಕ್ಕೆ ಸಡಿಲವಾಗಿದೆಯೇನೋ ಎಂದು 100ರ ಗೆರೆಯಿಂದ ಹಿಡಿದು ಮತ್ತೆ ಅಳೆದೆ. ವ್ಯತ್ಯಾಸ ಅಷ್ಟೇ ಉಳಿಯಿತು.

597 ಎಂದು ಚಿತ್ರದಲ್ಲಿ ತುಂಬಲು ಹೋದರೆ, ಮೊದಲು ಹೇಳಿದ ಮಾತಿಗೂ ಇದಕ್ಕೂ ಹೊಂದುವುದಿಲ್ಲವೆಂದು ಯಂತ್ರ ಒಪ್ಪಲಿಲ್ಲ. ಮೊಮ್ಮಗಳು ಕೈ ಕಟ್ಟಿಕೊಂಡು ಕೇಳಿದಳು: "ನೀವು ಮಾಡಬೇಕು ಅಂದುಕೊಂಡ ಕುರ್ಚಿ ಬರೆಯೋಣವೋ, ಮಾಡಿದ ಕುರ್ಚಿಯೋ?"

ನಾನು ಸ್ವಲ್ಪ ಹೊತ್ತು ಉತ್ತರಿಸಲಿಲ್ಲ. ನಿಜ ಹೇಳಬೇಕೆಂದರೆ ತುಸು ಸಿಟ್ಟೂ ಬಂದಿತ್ತು. ಆಮೇಲೆ ಮಾಡಿದ ಕುರ್ಚಿಯನ್ನೇ ಬರೆ ಎಂದೆ. ಅವಳು ಹಿಂದಿನ ಪಟ್ಟಿಗೆ ಹಾಕಿದ್ದ ಎಡಬಲ ಸಮ ಎಂಬ ಒಂದೇ ನಿಯಮವನ್ನು ಅಳಿಸಿದಳು. ಹಸಿರು ಹೋಯಿತು. ಮೌಸಿನಿಂದ ಹಿಂದಿನ ಗೆರೆಯನ್ನು ಹಿಡಿದೆಳೆದಾಗ, ಅಗಲವೂ ಆಳವೂ ಬದಲಾಗದೆ ಇಡೀ ಚೌಕಟ್ಟು ಎಡಕ್ಕೂ ಬಲಕ್ಕೂ ತೂಗಾಡಿತು. ಅಂಟು ಬಿಟ್ಟ ಕುರ್ಚಿ ಹೀಗೆಯೇ ತೂಗಾಡುತ್ತದೆ. ಆಗ ಒಂದು ಕರ್ಣವನ್ನು 597 ಎಂದು ತುಂಬಿಸಿದೆ. ಗೆರೆಗಳು ಮತ್ತೆ ಹಸಿರಾದವು. ಇನ್ನೊಂದು ಕರ್ಣವನ್ನು ನಾವು ಹೇಳಲೇ ಇಲ್ಲ. ಅದು ತಾನಾಗಿಯೇ 590.95 ಎಂದು ತೋರಿಸಿತು. ನನ್ನ ಟೇಪು ಸುಳ್ಳು ಹೇಳಿರಲಿಲ್ಲ.

ಓರೆಗಳೂ ಬೇರೆಯಾಗಿದ್ದವು: ಚಿತ್ರದ ಎಡಕ್ಕೆ 6.02 ಡಿಗ್ರಿ, ಬಲಕ್ಕೆ 4.86. ಕತ್ತರಿಸುವಾಗ ನಾನು ತಪ್ಪಿರಲಾರೆ, ಏಕೆಂದರೆ ಮಟ್ಟವನ್ನು ಒಮ್ಮೆ ಬಿಗಿದರೆ ನಾಲ್ಕೂ ತುದಿಗಳನ್ನು ಗುರುತು ಹಾಕುವವರೆಗೆ ಅದನ್ನು ಸಡಿಲಿಸುವವನಲ್ಲ. ಹಾಗಾದರೆ ತಪ್ಪಿದ್ದು ಅಂಟು ಹಾಕಿ ಬಿಗಿಯುವಾಗ. ಬಿಗಿಯುವ ಸಾಧನ ಸ್ವಲ್ಪ ಓರೆಯಾಗಿ ಕೂತರೂ ಸಾಕು, ಹಿಂದಿನ ಪಟ್ಟಿ ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅಂಟು ಒಣಗುವ ಮೊದಲು ಕರ್ಣ ಅಳೆಯದಿದ್ದರೆ ಅದು ಹಾಗೆಯೇ ಗಟ್ಟಿಯಾಗುತ್ತದೆ. ಅವಸರವಿತ್ತೇ, ಕತ್ತಲಾಗಿತ್ತೇ, ಈಗ ನೆನಪಿಲ್ಲ.

ಆದರೆ ಹಾಗಾಗಿದ್ದರೆ ಜೋಡಣೆಯಲ್ಲಿ ಸಂದು ಇರಲೇಬೇಕು. ಪಕ್ಕದ ಪಟ್ಟಿ ಸುಮಾರು ಅರ್ಧ ಡಿಗ್ರಿ ತಿರುಗಿದೆ, ದಪ್ಪ 25 ಮಿಲಿಮೀಟರ್, ಅಂದರೆ ಒಂದು ಅಂಚು ಕಾಲಿಗೆ ತಾಗಿದಾಗ ಇನ್ನೊಂದು ಅಂಚಿನಲ್ಲಿ ಕಾಲು ಮಿಲಿಮೀಟರ್ ಸಂದು. ಎಡ ಪಟ್ಟಿ ಹಿಂದಿನ ಕಾಲನ್ನು ಸೇರುವಲ್ಲಿ, ಒಳಬದಿಗೆ ಉಗುರು ಆಡಿಸಿದೆ. ಪಾಲಿಶಿನ ಕೆಳಗೆ ಸಣ್ಣದೊಂದು ಏಣು ಸಿಕ್ಕಿತು. ಕೀಸುವಾಗ ಸುರುಳಿಯಾಗಿ ಬರುವ ತೆಳ್ಳನೆಯ ಸಿಪ್ಪೆಯನ್ನು ಅಂಟಿನಲ್ಲಿ ಅದ್ದಿ, ಆ ಸಂದಿಗೆ ತುರುಕಿ, ಮೇಲೆ ಉಜ್ಜಿ ಮುಚ್ಚಿದ್ದೆ. ಅಂದರೆ ಅಂದೇ ನನಗೆ ಗೊತ್ತಿತ್ತು.

ಮೊಮ್ಮಗಳೂ ಬಗ್ಗಿ ಉಗುರಾಡಿಸಿ ನೋಡಿ, "ಈ ಸಿಪ್ಪೆಯನ್ನೂ ಬರೆಯೋಣವಾ ಅಜ್ಜ?" ಎಂದಳು. ದಪ್ಪ 0.25 ಎಂದು ಹಾಕು ಎಂದೆ. ನಾಳೆ ಹಿಂದಿನ ಕಾಲುಗಳ ಬಾಗು ಬರೆಯುವುದಿದೆ.